ಎರಡು ಕಟ್ಟು, ಒಂದೇ ಗೆರೆ

ಭಾನುವಾರ ಬೆಳಿಗ್ಗೆ ಮಾಟುಂಗಾದ ನಮ್ಮ ಮನೆಯ ಊಟದ ಮೇಜೇ ಪಾಠದ ಮೇಜು. ಎಂ.ಕಾಂ. ಮತ್ತು ಎಂ.ಬಿ.ಎ. ಓದುವ ನಾಲ್ಕೈದು ಕನ್ನಡದ ಮಕ್ಕಳು ಬರುತ್ತಾರೆ. ನಾನು ವಾರವಿಡೀ ಬಾಂದ್ರಾ-ಕುರ್ಲಾದ ಒಂದು ಡೀಲಿಂಗ್ ರೂಮಿನಲ್ಲಿ ಆಪ್ಷನ್ ಬೆಲೆಗಳನ್ನೇ ನೋಡುವವನು. ಪರೀಕ್ಷೆ ಕಾಲದಲ್ಲಿ ಡೆರಿವೇಟಿವ್ಸ್ ಉತ್ತರಪತ್ರಿಕೆಗಳನ್ನೂ ತಿದ್ದುತ್ತೇನೆ. ಹಾಗಾಗಿ ಮಕ್ಕಳು ಎಲ್ಲಿ ಅಂಕ ಕಳೆದುಕೊಳ್ಳುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತು.

ಹೋದ ವಾರ ಡೊಂಬಿವಲಿಯಿಂದ ಬರುವ ಹುಡುಗಿ ಒಂದು ಪ್ರಶ್ನೆ ತಂದಿದ್ದಳು. ಷೇರಿನ ಇವತ್ತಿನ ಬೆಲೆ 480 ರೂಪಾಯಿ. ಸ್ಟ್ರೈಕ್, ಅಂದರೆ ಆಪ್ಷನ್‌ನಲ್ಲಿ ಮೊದಲೇ ಗೊತ್ತುಮಾಡಿದ ಬೆಲೆ, 500. ವಾಯಿದೆ ಮುಗಿಯಲು ಆರು ತಿಂಗಳು. ಬಡ್ಡಿ ವರ್ಷಕ್ಕೆ ಶೇಕಡಾ 10, ಕಂಟಿನ್ಯೂಯಸ್ ಕಾಂಪೌಂಡಿಂಗ್. ಆ ಬೆಲೆಗೆ ಷೇರು ಕೊಳ್ಳುವ ಹಕ್ಕಾದ ಕಾಲ್ 30 ರೂಪಾಯಿಗೆ, ಮಾರುವ ಹಕ್ಕಾದ ಪುಟ್ 32 ರೂಪಾಯಿಗೆ ಸಿಗುತ್ತಿದೆ. ಎರಡೂ ಯುರೋಪಿಯನ್, ಅಂದರೆ ವಾಯಿದೆಯ ದಿನವಷ್ಟೇ ಚಲಾಯಿಸಬಹುದು. ಆರ್ಬಿಟ್ರಾಜ್, ಅಂದರೆ ರಿಸ್ಕ್ ಇಲ್ಲದ ಲಾಭ, ಇದೆಯಾ? ಇದ್ದರೆ ಹೇಗೆ ಮಾಡುವುದು ಎಂದು ಚಿತ್ರ ಸಮೇತ ತೋರಿಸಿ.

ಅವಳು ಸೂತ್ರ ಬರೆದಿದ್ದಳು, ಲೆಕ್ಕವೂ ಸರಿ ಇತ್ತು. ಪುಟ್ ದುಬಾರಿ ಅಂತ ಕಂಡುಹಿಡಿದಿದ್ದಳು. ಆಮೇಲೆ ಪೆನ್ನು ನಿಂತಿತ್ತು.

“ಸರ್, ಪುಟ್ ಮಾರಬೇಕು ಅಂತ ಗೊತ್ತಾಯ್ತು. ಷೇರು ಕೊಳ್ಳಬೇಕಾ, ಮಾರಬೇಕಾ? ಅಲ್ಲೇ ಗೊಂದಲ.”

ಈ ಗೊಂದಲ ಅವಳೊಬ್ಬಳದಲ್ಲ. ಪೇಆಫ್ ಚಿತ್ರವನ್ನು ಒಂದು ಪ್ರಶ್ನೆ ಅಂತಲೂ, ಪುಟ್-ಕಾಲ್ ಪ್ಯಾರಿಟಿಯನ್ನು ಇನ್ನೊಂದು ಪ್ರಶ್ನೆ ಅಂತಲೂ ಬೇರೆ ಬೇರೆ ಓದಿದರೆ ಇದು ಬಂದೇ ಬರುತ್ತದೆ. ನನ್ನ ಪ್ರಕಾರ ಇವೆರಡೂ ಒಂದೇ ಪಾಠ. ಚಿತ್ರವೇ ಸೂತ್ರಕ್ಕೆ ಪುರಾವೆ. ಸೂತ್ರ ಮರೆತುಹೋದರೂ ಚಿತ್ರದಿಂದ ಅದನ್ನು ಮತ್ತೆ ಕಟ್ಟಿಕೊಳ್ಳಬಹುದು.

ಅವಳ ಕೈಯಿಂದಲೇ ಗ್ರಾಫ್ ಹಾಳೆಯಲ್ಲಿ ಎರಡು ಕಟ್ಟು ಬರೆಸಿದೆ. ಮೊದಲ ಕಟ್ಟಿನಲ್ಲಿ ಒಂದು ಷೇರು ಮತ್ತು ಒಂದು ಪುಟ್. ಎರಡನೆಯದರಲ್ಲಿ ಒಂದು ಕಾಲ್ ಮತ್ತು ಒಂದಿಷ್ಟು ಡಿಪಾಸಿಟ್. ಆ ಡಿಪಾಸಿಟ್ ವಾಯಿದೆಯ ದಿನ ಸರಿಯಾಗಿ 500 ರೂಪಾಯಿ ಆಗಬೇಕು, ಅಷ್ಟನ್ನು ಇವತ್ತು ಇಡಬೇಕು.

ಈಗ ವಾಯಿದೆಯ ದಿನ ಷೇರು 440ಕ್ಕೆ ಇಳಿದಿದೆ ಅಂದುಕೊಳ್ಳೋಣ. ಮೊದಲ ಕಟ್ಟಿನಲ್ಲಿ ಷೇರು 440, ಪುಟ್‌ನಿಂದ 60. ಒಟ್ಟು 500. ಎರಡನೆಯದರಲ್ಲಿ ಕಾಲ್‌ಗೆ ಸೊನ್ನೆ, ಡಿಪಾಸಿಟ್ 500. ಅದೂ 500. ಷೇರು 560ಕ್ಕೆ ಏರಿದರೆ? ಮೊದಲ ಕಟ್ಟಿನಲ್ಲಿ ಷೇರು 560, ಪುಟ್ ಸೊನ್ನೆ. ಎರಡನೆಯದರಲ್ಲಿ ಕಾಲ್‌ನಿಂದ 60, ಡಿಪಾಸಿಟ್ 500. ಎರಡೂ 560. ಬೆಲೆ ಸರಿಯಾಗಿ 500ರಲ್ಲಿ ನಿಂತರೆ ಎರಡೂ 500.

ಚುಕ್ಕೆ ಇಟ್ಟು ಗೆರೆ ಎಳೆದಾಗ ಎರಡು ಕಟ್ಟಿಗೂ ಒಂದೇ ಗೆರೆ ಬಂತು. 500ರ ತನಕ ಮಟ್ಟಸ, ಅಲ್ಲಿಂದ ಮುಂದೆ 45 ಡಿಗ್ರಿ ಏರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎರಡೂ ಅಕ್ಷಗಳಿಗೆ ಒಂದೇ ಅಳತೆ ಇಟ್ಟರೆ ಮಾತ್ರ ಅದು 45 ಡಿಗ್ರಿ ಕಾಣುತ್ತದೆ. ಅಡ್ಡ ಅಕ್ಷದಲ್ಲಿ ಒಂದು ಚೌಕಕ್ಕೆ 20 ರೂಪಾಯಿ, ನೇರ ಅಕ್ಷದಲ್ಲಿ 50 ಅಂತ ಇಟ್ಟರೆ ಗೆರೆ ಮಲಗಿಬಿಡುತ್ತದೆ. ಅದು ತಪ್ಪಲ್ಲ, ಆದರೆ ಅಳತೆ ಬರೆಯದಿದ್ದರೆ ತಿದ್ದುವವರಿಗೆ ಅದು ತಪ್ಪಾಗಿಯೇ ಕಾಣುತ್ತದೆ.

ವಾಯಿದೆಯ ದಿನ ಬೆಲೆ ಎಲ್ಲೇ ನಿಂತರೂ ಎರಡು ಕಟ್ಟುಗಳ ಕೈಗೆ ಬರುವ ಹಣ ಒಂದೇ. ಹಾಗಿದ್ದ ಮೇಲೆ ಇವತ್ತಿನ ಬೆಲೆಯೂ ಒಂದೇ ಇರಬೇಕು, ಅಲ್ವಾ? ಪ್ಯಾರಿಟಿ ಅಂದರೆ ಇಷ್ಟೇ:

```
P + S = C + K·e^(-rT)
```

P ಪುಟ್‌ನ ಬೆಲೆ, S ಷೇರಿನ ಬೆಲೆ, C ಕಾಲ್‌ನ ಬೆಲೆ, K ಸ್ಟ್ರೈಕ್, r ವರ್ಷದ ಬಡ್ಡಿ ದರ, T ವಾಯಿದೆಗೆ ಉಳಿದ ಕಾಲ, ವರ್ಷಗಳಲ್ಲಿ. K ಪಕ್ಕದಲ್ಲಿ ಆ ಬಾಲ ಯಾಕೆ ಬಂತು ಅನ್ನುವುದೂ ಚಿತ್ರದಲ್ಲೇ ಇದೆ. 500 ಅನ್ನುವುದು ವಾಯಿದೆಯ ದಿನದ ಹಣ. ಇವತ್ತಿನ ಲೆಕ್ಕಕ್ಕೆ ಅದನ್ನು ಬಡ್ಡಿಯಲ್ಲಿ ಇಳಿಸಲೇಬೇಕು. ಇಲ್ಲಿ 475.61 ಆಗುತ್ತದೆ. ಇಳಿಸದೆ 500 ಅಂತಲೇ ಹಾಕಿದರೆ ಬಲಗಡೆ 530, ಎಡಗಡೆ 512 ಆಗಿ, ಕಾಲ್ ಕಡೆ ದುಬಾರಿ ಅಂತ ಉತ್ತರ ಬರುತ್ತದೆ. ಅಂದರೆ ಪೂರ್ತಿ ತಿರುಗುಮುರುಗು. ಈ ತಪ್ಪು ಮಾಡಿ, ಮುಂದಿನದೆಲ್ಲಾ ಅಚ್ಚುಕಟ್ಟಾಗಿ ಬರೆದ ಪತ್ರಿಕೆಗಳನ್ನು ನೋಡುವಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಪ್ರಶ್ನೆಯಲ್ಲಿ ಕಾಂಪೌಂಡಿಂಗ್ ಯಾವುದು ಅಂತ ಹೇಳದಿದ್ದರೆ, ನೀವು ಹಿಡಿದದ್ದು ಯಾವುದು ಅಂತ ಒಂದು ಸಾಲು ಬರೆಯಿರಿ. ಸರಳ ಬಡ್ಡಿಯಾದರೆ 500 ಭಾಗಿಸು 1.05, ಅಂದರೆ 476.19. ವ್ಯತ್ಯಾಸ ಐವತ್ತೆಂಟು ಪೈಸೆ. ಇಲ್ಲಿ ಅದರಿಂದ ದಿಕ್ಕು ಬದಲಾಗುವುದಿಲ್ಲ.

ಇನ್ನೊಂದು ತೊಡಕು, ಪೇಆಫ್ ಮತ್ತು ಪ್ರಾಫಿಟ್ ಎರಡನ್ನೂ ಒಂದೇ ಚಿತ್ರದಲ್ಲಿ ಕಲಸುವುದು. ಪೇಆಫ್ ಅಂದರೆ ವಾಯಿದೆಯ ದಿನ ಕೈಗೆ ಬರುವುದು. ಅದರಲ್ಲಿ ಪ್ರೀಮಿಯಂ, ಅಂದರೆ ಆಪ್ಷನ್‌ಗೆ ಕೊಟ್ಟ ಬೆಲೆ, ಇಲ್ಲ. ಪ್ರಾಫಿಟ್ ಚಿತ್ರ ಬೇಕಿದ್ದರೆ ಪೂರ್ತಿ ಗೆರೆಯನ್ನು ಪ್ರೀಮಿಯಂನಷ್ಟು ಕೆಳಗೆ ಇಳಿಸಬೇಕು. ನಮ್ಮ ಕಾಲ್‌ನ ಗೆರೆ 30 ರೂಪಾಯಿ ಇಳಿಯುತ್ತದೆ. ಅದು ಅಡ್ಡ ಅಕ್ಷವನ್ನು ದಾಟುವುದು 530ರಲ್ಲಿ. ಆದರೆ ಗೆರೆ ಮುರಿಯುವ ಜಾಗ 500ರಲ್ಲೇ ಇರುತ್ತದೆ, ಸರಿಯುವುದಿಲ್ಲ. ಎಷ್ಟೋ ಮಕ್ಕಳು ಮುರಿವನ್ನೇ 530ಕ್ಕೆ ತಂದುಬಿಡುತ್ತಾರೆ. ಪುಟ್‌ನಲ್ಲೂ ಹೀಗೇ. ಅದು ಅಕ್ಷ ದಾಟುವುದು 468ರಲ್ಲಿ, ಮುರಿಯುವುದು 500ರಲ್ಲಿ.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಸಿಗುತ್ತದೆ. ಮೊದಲ ಕಟ್ಟಿನ ಬೆಲೆ 480 ಕೂಡಿಸು 32, ಅಂದರೆ 512. ಎರಡನೆಯದು 30 ಕೂಡಿಸು 475.61, ಅಂದರೆ 505.61. ಮೇಲಿನ ಗೆರೆ ಎರಡಕ್ಕೂ ಒಂದೇ. ಆ ಒಂದೇ ಗೆರೆಯಿಂದ ಒಮ್ಮೆ 512, ಇನ್ನೊಮ್ಮೆ 505.61 ಕಳೆದು ಬರೆಯಲು ಹೇಳಿದೆ. ಎರಡು ಗೆರೆ ಬಂದವು, ಒಂದರ ಕೆಳಗೆ ಒಂದು. ಎಲ್ಲಿ ಅಳೆದರೂ ನಡುವಿನ ಅಂತರ 6.39. ಆ ಅಂತರವೇ ಆರ್ಬಿಟ್ರಾಜ್, ಇವತ್ತಿನ ರೂಪಾಯಿಯಲ್ಲಿ.

“ದುಬಾರಿ ಕಟ್ಟು ಯಾವುದು?” ಅಂದೆ.

“ಷೇರು ಮತ್ತು ಪುಟ್.”

“ಹಾಗಾದರೆ ಕಟ್ಟನ್ನು ಬಿಚ್ಚಬೇಡ. ಇಡೀ ಕಟ್ಟು ಮಾರು.”

ಅವಳ ಮುಖ ಅರಳಿತು. ಷೇರು ಕೊಳ್ಳಬೇಕಾ ಮಾರಬೇಕಾ ಅನ್ನುವ ಪ್ರಶ್ನೆಯೇ ಉಳಿಯಲಿಲ್ಲ. ಪುಟ್ ಮಾರುವುದು, ಷೇರು ಶಾರ್ಟ್ ಮಾಡುವುದು ಅಂದರೆ ಸಾಲ ತಂದ ಷೇರನ್ನು ಮಾರುವುದು, ಕಾಲ್ ಕೊಳ್ಳುವುದು, ಉಳಿದ ದುಡ್ಡು ಡಿಪಾಸಿಟ್ ಇಡುವುದು. ಇವತ್ತು ಕೈಗೆ ಬರುವುದು 480 ಮತ್ತು 32, ಕಾಲ್‌ಗೆ ಹೋಗುವುದು 30. ಉಳಿಯುವುದು 482. ಆರು ತಿಂಗಳಲ್ಲಿ ಅದು 506.71 ಆಗುತ್ತದೆ.

ಇಲ್ಲಿಗೆ ನಿಲ್ಲಿಸುವವರು ಜಾಸ್ತಿ. ನಿಲ್ಲಿಸಬಾರದು. ವಾಯಿದೆಯ ದಿನದ ಎರಡೂ ಸಂದರ್ಭಗಳನ್ನು ಬರೆದು ತೋರಿಸಿದರೆ ಮಾತ್ರ ಇದು ರಿಸ್ಕ್ ಇಲ್ಲದ ಲಾಭ ಅನ್ನುವುದು ಸಾಬೀತಾಗುತ್ತದೆ. ಬೆಲೆ 500ಕ್ಕಿಂತ ಮೇಲಿದ್ದರೆ ನಮ್ಮ ಕಾಲ್ ಚಲಾಯಿಸಿ 500 ಕೊಟ್ಟು ಷೇರು ಪಡೆದು, ಶಾರ್ಟ್ ಮಾಡಿದ್ದನ್ನು ವಾಪಸ್ ಕೊಡುತ್ತೇವೆ. ಪುಟ್ ಸುಮ್ನೆ ಸಾಯುತ್ತದೆ. ಬೆಲೆ 500ಕ್ಕಿಂತ ಕೆಳಗಿದ್ದರೆ ಪುಟ್ ಕೊಂಡವನು ಷೇರು ತಂದು ನಮ್ಮಿಂದ 500 ಕೇಳುತ್ತಾನೆ. ಅದೇ ಷೇರನ್ನು ವಾಪಸ್ ಕೊಡುತ್ತೇವೆ. ಎರಡೂ ಕಡೆ ನಮಗೆ ಖರ್ಚು 500, ಕೈಯಲ್ಲಿರುವುದು 506.71. ಉಳಿಯುವುದು 6.71. ಇದನ್ನು ಇವತ್ತಿಗೆ ಇಳಿಸಿದರೆ ಅದೇ 6.39 ಬರಬೇಕು. ಬಂದರೆ ಲೆಕ್ಕ ಸರಿ. ಬರದಿದ್ದರೆ ಎಲ್ಲೋ ಒಂದು ಚಿಹ್ನೆ ತಪ್ಪಿದೆ. ಪರೀಕ್ಷೆಯಲ್ಲಿ ಈ ತಾಳೆಗೆ ಅರ್ಧ ನಿಮಿಷ ಸಾಕು.

ಕೆಲಸದ ಜಾಗದಲ್ಲಿ ಇಷ್ಟು ಸಲೀಸಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳುತ್ತೇನೆ. ನಮ್ಮ ದೇಶದ ಕ್ಯಾಷ್ ಮಾರ್ಕೆಟ್‌ನಲ್ಲಿ ಷೇರು ಶಾರ್ಟ್ ಮಾಡಿ ಮರುದಿನಕ್ಕೆ ಉಳಿಸಿಕೊಳ್ಳಬೇಕಾದರೆ ಅದನ್ನು ಸಾಲ ಪಡೆದಿರಬೇಕು. ಅದಕ್ಕೇ ಡೀಲರುಗಳು ಷೇರಿನ ಬದಲು ಫ್ಯೂಚರ್ಸ್ ಮಾರುತ್ತಾರೆ. ತೆರಿಗೆ, ದಲ್ಲಾಳಿ, ಕೊಳ್ಳುವ-ಮಾರುವ ಬೆಲೆಯ ನಡುವಿನ ಅಂತರ, ಇವೆಲ್ಲ ಸೇರಿ ಸಣ್ಣ ಲಾಭವನ್ನು ತಿಂದುಹಾಕುತ್ತವೆ. ಉತ್ತರದಲ್ಲಿ ‘ಖರ್ಚಿಲ್ಲ, ಶಾರ್ಟ್ ಮಾಡಬಹುದು, ಸಾಲಕ್ಕೂ ಡಿಪಾಸಿಟ್‌ಗೂ ಒಂದೇ ಬಡ್ಡಿ’ ಅಂತ ಬರೆಯುವುದು ಈ ಕಾರಣಕ್ಕೆ. ‘ಯುರೋಪಿಯನ್’ ಅನ್ನುವ ಪದವೂ ಸುಮ್ನೆ ಇಟ್ಟದ್ದಲ್ಲ. ಅಮೆರಿಕನ್ ಆಪ್ಷನ್ ಅನ್ನು ನಡುವೆಯೇ ಚಲಾಯಿಸಬಹುದು. ಆಗ ಕಟ್ಟು ವಾಯಿದೆಯ ದಿನದವರೆಗೆ ಹಾಗೇ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಸಮೀಕರಣ ಹೋಗಿ ಮೇಲಿನ ಮಿತಿ, ಕೆಳಗಿನ ಮಿತಿ ಮಾತ್ರ ಉಳಿಯುತ್ತದೆ. ಎನ್‌ಎಸ್‌ಇಯಲ್ಲಿ ಷೇರುಗಳ ಆಪ್ಷನ್ 2001ರಲ್ಲಿ ಶುರುವಾದಾಗ ಅಮೆರಿಕನ್ ಬಗೆಯದಾಗಿತ್ತು. 2011ರಿಂದ ಯುರೋಪಿಯನ್ ಆಯಿತು.

ಏಳುವ ಮೊದಲು ಅವಳಿಗೆ ಅದೇ ಪ್ರಶ್ನೆಗೆ ಒಂದು ಸಾಲು ಸೇರಿಸಿ ಕೊಟ್ಟೆ. ಮೂರು ತಿಂಗಳಿಗೆ ಷೇರಿಗೆ 10 ರೂಪಾಯಿ ಡಿವಿಡೆಂಡ್ ಬರುತ್ತದೆ. ಬೇರೆಲ್ಲ ಹಾಗೇ.

ಅವಳು ಈ ಸಲ ಮೊದಲು ಚಿತ್ರ ಬರೆದಳು. ಷೇರು ಕೈಯಲ್ಲಿರುವವನಿಗೆ ಡಿವಿಡೆಂಡ್ ಸಿಗುತ್ತದೆ, ಕಾಲ್ ಇರುವವನಿಗೆ ಸಿಗುವುದಿಲ್ಲ. ಹಾಗಾಗಿ ಮೊದಲ ಕಟ್ಟಿನ ಗೆರೆ ಡಿವಿಡೆಂಡ್‌ನಷ್ಟು ಮೇಲೆ ಹೋಯಿತು. ಎರಡು ಗೆರೆ ಈಗ ಒಂದಾಗಿಲ್ಲ. ಒಂದಾಗಿಸಲು ಷೇರಿನ ಬೆಲೆಯಿಂದ ಡಿವಿಡೆಂಡ್‌ನ ಇವತ್ತಿನ ಬೆಲೆ ಕಳೆಯಬೇಕು. 10 ರೂಪಾಯಿಯನ್ನು ಮೂರು ತಿಂಗಳು ಇಳಿಸಿದರೆ 9.75. ಷೇರಿನ ಬದಿ 470.25, ಪುಟ್ ಸೇರಿ 502.25. ಇನ್ನೊಂದು ಬದಿ ಮೊದಲಿನಂತೆ 505.61.

ಅವಳು ಎರಡು ಸಲ ಕೂಡಿ ನೋಡಿದಳು.

“ಸರ್, ಈಗ ಕಾಲ್ ಕಡೆ ದುಬಾರಿ ಆಯ್ತು!”

ಹೌದು, 3.36 ರೂಪಾಯಿ. ಹಾಗಾಗಿ ಎಲ್ಲ ತಿರುಗಿತು. ಕಾಲ್ ಮಾರಿದಳು, ಪುಟ್ ಮತ್ತು ಷೇರು ಕೊಂಡಳು, ಅದಕ್ಕೆ ಬೇಕಾದ 482 ರೂಪಾಯಿ ಸಾಲ ತೆಗೆದಳು. ಆರು ತಿಂಗಳಿಗೆ ಸಾಲ 506.71. ಷೇರಿನಿಂದ ಖಾತ್ರಿಯಾಗಿ ಬರುವುದು 500. ಮೂರನೇ ತಿಂಗಳಲ್ಲಿ ಬಂದ ಡಿವಿಡೆಂಡ್ ಬಡ್ಡಿ ಸೇರಿ 10.25. ಕಳೆದು ಉಳಿದದ್ದು 3.54. ಅದರ ಪಕ್ಕದಲ್ಲಿ ಅವಳೇ, ನಾನು ಹೇಳುವ ಮೊದಲೇ, ಅದನ್ನು ಇವತ್ತಿಗೆ ಇಳಿಸಿ ಪೈಸೆಯ ಆಚೀಚೆ 3.36ಕ್ಕೆ ತಾಳೆ ನೋಡಿ, ಕೆಳಗೆ ಗೆರೆ ಎಳೆದಳು.