ಬೈತಲೆ ತಿರುಗಿತು, ಕಿಟಕಿ ತಿರುಗಲಿಲ್ಲ

ಬೈತಲೆಯನ್ನು ಇನ್ನೊಂದು ಬದಿಗೆ ತೆಗೆದರೆ ಹೇಗೆ ಕಾಣುತ್ತೇನೆ ಅಂತ ನೋಡುವ ಆಸೆ ನಮ್ಮಕ್ಕನಿಗೆ. ಫೋಟೋ ತಿದ್ದುವ ತಂತ್ರಾಂಶದಲ್ಲಿ ಅವಳ ಫೋಟೋದಿಂದ ಕೂದಲನ್ನಷ್ಟೇ ಬೇರೆ ಲೇಯರಿಗೆ, ಅಂದರೆ ಚಿತ್ರದ ಮೇಲಿನ ಬೇರೊಂದು ಪದರಕ್ಕೆ ತೆಗೆದು, ಎಡಬಲ ತಿರುಗಿಸುವ Flip Horizontal ಒತ್ತಿ, ಹಣೆಯ ಅಂಚಿಗೆ ಕೂರಿಸಿದೆ. ಎಳೆಗಳೆಲ್ಲ ಚೆನ್ನಾಗಿಯೇ ಹರಿದಿದ್ದವು. ಆದರೂ ತಲೆ ಮೇಲೆ ವಿಗ್ ಇಟ್ಟ ಹಾಗಿತ್ತು.

ಮುಖದ ಎರಡು ಬದಿ ಒಂದೇ ಥರ ಇರಲ್ಲ, ಅದಕ್ಕೇ ಹೀಗಾಗುತ್ತೆ ಅನ್ನುತ್ತಾರೆ. ಅದು ಸಣ್ಣ ವಿಷಯ. ಅಂಚನ್ನು ತುಸು ಎಳೆದು ಹೊಂದಿಸಿದರೆ ಸಾಕು. ತೊಂದರೆ ಇದ್ದದ್ದು ಬೆಳಕಿನಲ್ಲಿ.

ಫೋಟೋದಲ್ಲಿ ಕಿಟಕಿ ಎಡಕ್ಕಿತ್ತು, ಬೈತಲೆಯೂ ಎಡಕ್ಕೇ. ಜಾಸ್ತಿ ಕೂದಲು ಬೈತಲೆಯ ಬಲಕ್ಕೆ ಉಬ್ಬಿ ನಿಂತಿತ್ತು. ಬೆಳಗಿನ ಹೊತ್ತು ಒಂದು ಕಾಲುದಾರಿಯನ್ನು ನೆನೆಸಿಕೊಳ್ಳಿ. ಅದರ ಪೂರ್ವಕ್ಕೆ ಗಿಡ್ಡ ಪೈರು, ಪಶ್ಚಿಮಕ್ಕೆ ಎತ್ತರದ ಕಬ್ಬು. ದಾರಿಯ ತುಂಬ ಬಿಸಿಲು, ಅಲ್ವಾ? ಅಕ್ಕನ ಬೈತಲೆಯ ಗೆರೆ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಈಗ ಕಬ್ಬನ್ನು ಪೂರ್ವಕ್ಕೆ ತನ್ನಿ. ದಾರಿ ನೆರಳಿಗೆ ಬೀಳುತ್ತದೆ. ನಾನು ಮಾಡಿದ್ದು ಅದನ್ನೇ, ಆದರೆ ಬಿಸಿಲನ್ನು ದಾರಿಯಲ್ಲೇ ಬಿಟ್ಟಿದ್ದೆ.

ಇಡೀ ಚಿತ್ರವನ್ನೇ ತಿರುಗಿಸಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ಬೆಳಕೂ ಜೊತೆಗೇ ತಿರುಗುತ್ತದಲ್ಲ! ಅಮೆರಿಕದ ಕುಖ್ಯಾತ ಡಕಾಯಿತ ಬಿಲ್ಲಿ ದಿ ಕಿಡ್‌ನ ಹಳೆಯ, ತಗಡಿನ ಮೇಲೆ ಮೂಡಿಸಿದ ಟಿನ್‌ಟೈಪ್ ಫೋಟೋ ಹೀಗೇ ಎಡಬಲ ಅದಲುಬದಲಾಗಿ ಮೂಡಿದ್ದು. ಅದನ್ನು ನೋಡಿ ಎಷ್ಟೋ ವರ್ಷ ಅವನನ್ನು ಎಡಚ ಅಂದುಕೊಂಡಿದ್ದರು. ಗುಟ್ಟು ಹೇಳಿದ್ದು ಅವನ ವಿಂಚೆಸ್ಟರ್ ಬಂದೂಕು. ಗುಂಡು ತುಂಬುವ ಬಾಯಿ ಅದಕ್ಕೆ ಬಲಗಡೆ ಇರಬೇಕು, ಚಿತ್ರದಲ್ಲಿ ಎಡಗಡೆ ಇತ್ತು.

ಅಕ್ಕನ ಚಿತ್ರಕ್ಕೆ, ಕೆಳಗಿನ ಬಣ್ಣವನ್ನು ಗಾಢವಾಗಿಸುವ Multiply ಮಾದರಿಯ ಹೊಸ ಲೇಯರ್ ಹಾಕಿದೆ. ಕಪ್ಪು ಬಣ್ಣ ಹಚ್ಚಿದರೆ ಗೆರೆ ಮಸಿಯಂತಾಗುತ್ತದೆ. ಅದಕ್ಕೇ ನೆರಳಲ್ಲಿದ್ದ ಚರ್ಮದ ಕಂದು ಬಣ್ಣವನ್ನೇ ಎತ್ತಿಕೊಂಡೆ. ಸಣ್ಣ ಬ್ರಷ್‌ನಲ್ಲಿ ಗೆರೆಯುದ್ದಕ್ಕೂ ಎಳೆದೆ. ಉಬ್ಬಿದ ಕೂದಲಿನ ಕಡೆ ದಟ್ಟ, ಆಚೆ ಕಡೆ ತೆಳು. ಹಣೆಯಲ್ಲಿ ಹಳೆಯ ಬದಿಯ ನೆರಳು ಹಾಗೇ ಉಳಿದಿತ್ತು. ಅದನ್ನು ತಿಳಿಯಾಗಿಸಿ, ಹೊಸ ಬದಿಯಲ್ಲಿ ಸ್ವಲ್ಪ ಅಗಲವಾದ ನೆರಳು ಕೊಟ್ಟೆ.

ಕೊನೆಗೆ ಕೂದಲಿನ ಹೊಳಪು. ಕೂದಲ ಎಳೆ ಎಂದರೆ ಉರುಟಾದ ಸಣ್ಣ ಕಡ್ಡಿಯಂತೆ. ಅಕ್ಕಪಕ್ಕದ ನೂರಾರು ಎಳೆಗಳು ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ಮಿನುಗಿ, ಹೊಳಪು ಅಡ್ಡಪಟ್ಟಿಯಾಗಿ ಕಾಣುತ್ತದೆ, ರೇಷ್ಮೆ ಸೀರೆಯ ಮಡಿಕೆಯ ಮೇಲೆ ಕಾಣುವಂತೆ. ನನ್ನ ಚಿತ್ರದಲ್ಲಿ ಆ ಪಟ್ಟಿ ಕಿಟಕಿಯಿಂದ ದೂರದ ಬದಿಗೆ ಹೋಗಿಬಿಟ್ಟಿತ್ತು. ಅಲ್ಲಿ ಮಂಕು ಮಾಡಿ, ಕಿಟಕಿಯ ಕಡೆ ಎಳೆಗಳಿಗೆ ಅಡ್ಡಲಾಗಿ ಹೊಸದನ್ನು ಮೂಡಿಸಿದೆ. ಎಳೆಗುಂಟ ಎಳೆದರೆ ಅದು ನರೆಗೂದಲಿನಂತೆ ಕಾಣುತ್ತದೆ.

ಮರುದಿನ ಅಕ್ಕ ಬಾಚಣಿಗೆಯಲ್ಲಿ ನಿಜವಾಗಿಯೇ ಬೈತಲೆ ಬದಲಾಯಿಸಿ, ಅದೇ ಕಿಟಕಿಯ ಪಕ್ಕ ನಿಂತಳು. ಗೆರೆ ಮಂಕಾಗಿತ್ತು. ಆದರೆ ಕೂದಲು ನನ್ನ ಚಿತ್ರದಲ್ಲಿದ್ದಷ್ಟು ಸಪಾಟಾಗಿ ಮಲಗಿರಲಿಲ್ಲ. ವರ್ಷಗಟ್ಟಲೆ ಒಂದೇ ಕಡೆ ಬಾಗಿದ್ದ ಬುಡಗಳು ಸೆಟೆದು ನಿಂತಿದ್ದವು. ನೆರಳನ್ನು ಇನ್ನೂ ಒಂದು ಕೂದಲೆಳೆಯಷ್ಟು ಅಗಲ ಮಾಡಿದೆ.