ಶೇ 1ರ ಕೊರತೆಯೊಳಗೆ ಅಡಗಿದ ಐದು ಲಕ್ಷ

ಶಿರಸಿಯ ಕೃಷಿ ಪರಿಕರಗಳ ಶಾಖೆಯೊಂದರ ಏಪ್ರಿಲ್–ಜೂನ್ ತ್ರೈಮಾಸಿಕ ವರದಿಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಮಾರಾಟದ ಗುರಿ 60 ಲಕ್ಷ ರೂಪಾಯಿ, ಆದದ್ದು 59.4 ಲಕ್ಷ. ಕೊರತೆ ಶೇ 1 ಮಾತ್ರ. ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಾತ್ರ ಕೆಂಪು ಬಣ್ಣ ಎಂಬ ನಿಯಮವಿರುವುದರಿಂದ ಸ್ಲೈಡಿನಲ್ಲಿ ಈ ಸಾಲು ಹಸಿರಾಗಿಯೇ ಇರುತ್ತದೆ. ಹುಬ್ಬಳ್ಳಿಯ ಪ್ರಾದೇಶಿಕ ಕಚೇರಿಯವರು ಒಂದೂ ಪ್ರಶ್ನೆ ಕೇಳದೆ ಮುಂದಿನ ಶಾಖೆಯ ಲೆಕ್ಕಕ್ಕೆ ಹೋಗುತ್ತಾರೆ.

ಒಳಗೆ ನೋಡಿದರೆ ಕಥೆ ಬೇರೆ. ಫೈಬರ್ ದೋಟಿಗಳ ಮಾರಾಟ ಗುರಿಗಿಂತ 1.4 ಲಕ್ಷ ಹೆಚ್ಚಾಗಿದೆ, ಮೈಲುತುತ್ತಿನದು 2 ಲಕ್ಷ ಕಡಿಮೆಯಾಗಿದೆ. ಒಂದು ಇನ್ನೊಂದನ್ನು ಮುಚ್ಚಿದೆ. ಮೈಲುತುತ್ತಿನ ಸಾಲನ್ನು ಬೇರೆಯಾಗಿ ತೋರಿಸಿದರೂ ಕೊರತೆ ಶೇ 6.7, ಅದೂ ಕೆಂಪಾಗುವುದಿಲ್ಲ. ಈ ಸಾಲಿಗೆ ಬೆಲೆ ಮತ್ತು ಪ್ರಮಾಣ ಎರಡನ್ನೂ ಬೇರ್ಪಡಿಸಿ ನೋಡಲೇಬೇಕು.

ಗುರಿ ಹಾಕಿದ್ದು 12,000 ಕಿಲೋ, ಕಿಲೋಗೆ 250 ರೂಪಾಯಿಯಂತೆ 30 ಲಕ್ಷ. ಮಾರಿದ್ದು 10,000 ಕಿಲೋ, 280 ರೂಪಾಯಿಯಂತೆ 28 ಲಕ್ಷ. ಬೆಲೆಯಲ್ಲಿ ಸಿಕ್ಕ 30 ರೂಪಾಯಿಯನ್ನು ನಿಜವಾಗಿ ಮಾರಿದ 10,000 ಕಿಲೋಗೆ ಗುಣಿಸಿದರೆ 3 ಲಕ್ಷ ಲಾಭದ ಕಡೆಗೆ. ಮಾರಾಟವಾಗದ 2,000 ಕಿಲೋವನ್ನು ಗುರಿಯ ಬೆಲೆಯಾದ 250ಕ್ಕೆ ಗುಣಿಸಿದರೆ 5 ಲಕ್ಷ ನಷ್ಟದ ಕಡೆಗೆ. ಎರಡೂ ಸೇರಿದರೆ ಅದೇ 2 ಲಕ್ಷದ ಕೊರತೆ ಬರಬೇಕು. ಬಾರದಿದ್ದರೆ ಎಲ್ಲೋ ಬೆಲೆ ಅದಲುಬದಲಾಗಿದೆ ಎಂದರ್ಥ. ಈ ಲೆಕ್ಕವನ್ನು ಒಂದೊಂದು ಸರಕಿಗೆ ಮಾತ್ರ ಮಾಡಬೇಕು. ಮೈಲುತುತ್ತಿನ ಕಿಲೋಗೂ ದೋಟಿಯ ಸಂಖ್ಯೆಗೂ ಸೇರಿಸಿ ಶಾಖೆಯ ಸರಾಸರಿ ಬೆಲೆ ತೆಗೆದರೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಪ್ರಮಾಣ ಬಿದ್ದದ್ದು ಶೇ 16.7. ಏಕೆ? ಸಾಮಾನ್ಯವಾಗಿ ವರದಿಯಲ್ಲಿ ಬರುವ ಉತ್ತರ ‘ಮಳೆ ತಡವಾಯಿತು’ ಎಂಬುದು. ನಮ್ಮ ಕಡೆ ಅದು ಸುಳ್ಳೆಂದು ತಳ್ಳಿಹಾಕುವಂಥದ್ದಲ್ಲ. ಅಡಿಕೆಯ ಕೊಳೆರೋಗಕ್ಕೆ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಹೊತ್ತಿಗೆ ಆಗುತ್ತದೆ, ಎರಡನೆಯದು ಅದಾಗಿ 40–45 ದಿನಗಳಿಗೆ. ಮಳೆ ಹಿಂದೆ ಸರಿದರೆ ಖರೀದಿಯೂ ಜುಲೈಗೆ ಜಾರಬಹುದು. ಆದರೆ ಇದನ್ನು ಪರೀಕ್ಷಿಸುವ ದಾರಿ ನಮ್ಮ ದಾಸ್ತಾನು ಪುಸ್ತಕದಲ್ಲೇ ಇದೆ. ಈ ಸಿಂಪಡಣೆಗೆ ಬಳಸುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೇಕು. ತೋಟಿಗರು ಸಿಂಪಡಣೆ ಮುಂದೂಡಿದ್ದರೆ ಸುಣ್ಣದ ಮಾರಾಟವೂ ಬೀಳಬೇಕಿತ್ತು. ಸಿದ್ಧ ಔಷಧಿಗೆ ಹೋಗಿದ್ದರೂ ಅಷ್ಟೇ. ಈ ಶಾಖೆಯಲ್ಲಿ ಸುಣ್ಣ ಗುರಿಗೆ ಹತ್ತಿರವೇ ಹೋಗಿದೆ. ಅಂದರೆ ಔಷಧಿ ಹೊಡೆದಿದ್ದಾರೆ, ಮೈಲುತುತ್ತು ಮಾತ್ರ ಬೇರೆ ಅಂಗಡಿಯಿಂದ ತಂದಿದ್ದಾರೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಪಕ್ಕದ ಮಳಿಗೆಯ ದರ ವಿಚಾರಿಸಿದರೆ ಕಿಲೋಗೆ 265 ರೂಪಾಯಿ. ನಾವು ಏರಿಸಿದ 30 ರೂಪಾಯಿಯೇ ಗಿರಾಕಿಯನ್ನು ದಾಟಿಸಿದೆ.

ಇಂಥ ಸಾಲು ತಪ್ಪಿಹೋಗದಂತೆ ಬಣ್ಣದ ನಿಯಮವನ್ನು ಶೇಕಡಾವಾರು ಮತ್ತು ಮೊತ್ತ ಎರಡಕ್ಕೂ ಕಟ್ಟುತ್ತೇನೆ. ಬರೀ ಶೇಕಡಾವಾರು ಇಟ್ಟರೆ ಎರಡು ಸಾವಿರ ರೂಪಾಯಿಯ ಸರಕೂ ಕೆಂಪಾಗುತ್ತದೆ, ಬರೀ ಮೊತ್ತ ಇಟ್ಟರೆ ದೊಡ್ಡ ಸರಕುಗಳು ಪ್ರತಿ ಸಲ ಕೆಂಪಾಗುತ್ತವೆ. D ಕಾಲಮ್ಮಿನಲ್ಲಿ ರೂಪಾಯಿ ವ್ಯತ್ಯಾಸ, E ಯಲ್ಲಿ ಶೇಕಡಾವಾರು ಇದ್ದರೆ ಎಕ್ಸೆಲ್‌ನಲ್ಲಿ ನಿಯಮ ಹೀಗಿರುತ್ತದೆ:

```
=AND(ABS($D2)>=100000,ABS($E2)>=0.05)
```

ಇದನ್ನು ಸರಕಿನ ಸಾಲುಗಳಿಗೆ ಹಾಕಬೇಕು, ಒಟ್ಟು ಮೊತ್ತದ ಸಾಲಿಗಲ್ಲ. ಬೆಲೆಯ ಪಾಲು, ಪ್ರಮಾಣದ ಪಾಲು ಎರಡಕ್ಕೂ ಬೇರೆ ಬೇರೆ ಕಾಲಮ್ ಇಟ್ಟು ಅಲ್ಲಿಯೂ ಇದೇ ಮಿತಿ ಇಡುವುದು ಒಳ್ಳೆಯದು. ABS ಇರುವುದರಿಂದ ಗುರಿ ಮೀರಿದ ದೋಟಿಯೂ ಎದ್ದು ಕಾಣುತ್ತದೆ. ಅದಕ್ಕೂ ಕಾರಣ ಬರೆಯಬೇಕು.

ಹೋಲಿಕೆ ಯಾವುದರ ಜೊತೆ ಎಂಬುದೂ ಮುಖ್ಯ. ಕಾರವಾರದ ಶಾಖೆಯಲ್ಲಿ ಮೀನುಗಾರಿಕೆಯ ಹಗ್ಗ, ಕ್ರೇಟುಗಳ ಮಾರಾಟವನ್ನು ಹಿಂದಿನ ತ್ರೈಮಾಸಿಕದ ಜೊತೆ ಇಟ್ಟು ನೋಡಿದವರಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವಾಗ ಜನವರಿ–ಮಾರ್ಚ್ ಜೊತೆಗಿನ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ. ಗುರಿ ಮತ್ತು ಕಳೆದ ವರ್ಷದ ಇದೇ ಮೂರು ತಿಂಗಳು, ಈ ಎರಡು ಸಾಕು.

ಇನ್ನು ಸ್ಲೈಡಿನ ಶೀರ್ಷಿಕೆ. ‘ಮೈಲುತುತ್ತು ಮಾರಾಟದ ವಿವರ’ ಎಂದು ಬರೆದರೆ ಓದುವವರು ಅಂಕಿಗಳಲ್ಲಿ ಹುಡುಕಬೇಕಾಗುತ್ತದೆ. ‘ಬೆಲೆ ಏರಿಕೆಯಿಂದ 3 ಲಕ್ಷ ಬಂತು, ಗಿರಾಕಿ ಹೋದದ್ದರಿಂದ 5 ಲಕ್ಷ ಹೋಯಿತು’ ಎಂದೇ ಬರೆಯಿರಿ. ಕೆಳಗೆ ಸುಣ್ಣದ ಅಂಕಿ, ಪಕ್ಕದ ಮಳಿಗೆಯ ದರ. ಎರಡನೇ ಸಿಂಪಡಣೆಯ ಖರೀದಿ ಜುಲೈ ನಡುವಿನೊಳಗೆ ಮುಗಿಯುವುದರಿಂದ ವರದಿ ತಿಂಗಳ ಮೊದಲ ವಾರದಲ್ಲೇ ಹುಬ್ಬಳ್ಳಿ ತಲುಪಬೇಕು, ಕೊನೆಯ ಸಾಲಿನಲ್ಲಿ ಬೇಡಿಕೆ ನೇರವಾಗಿರಬೇಕು: ಕಿಲೋಗೆ 265 ರೂಪಾಯಿಗೆ ಮಾರಲು ಜುಲೈ 10ರೊಳಗೆ ಒಪ್ಪಿಗೆ ಬೇಕು.