ನಡುರಾತ್ರಿ ಎದ್ದ ಮಗು ಮತ್ತೆ ಹೇಗೆ ಮಲಗುತ್ತದೆ?

ಮಗು ರಾತ್ರಿ ಎದ್ದು ಅತ್ತರೆ ಕೆಲವರು ಹಸಿವು ಅನ್ನುತ್ತಾರೆ, ಕೆಲವರು ಹಠ ಅನ್ನುತ್ತಾರೆ. ನಿದ್ದೆಯ ವೈದ್ಯರು ಕೇಳುವುದೇ ಬೇರೆ: ಸಂಜೆ ಮಗು ನಿದ್ದೆ ಹೋದದ್ದು ಹೇಗೆ? ನಡುರಾತ್ರಿ ಎದ್ದಾಗ ಅದು ಮತ್ತೆ ಮಲಗಲು ಏನು ಬೇಕಾಯಿತು?

ಒಂದೂವರೆ ವರ್ಷದ ಮಗು ಅಂದುಕೊಳ್ಳಿ. ಎಂಟೂವರೆಗೆ ಹೆಗಲ ಮೇಲೆ ಹಾಕಿ ತಟ್ಟಿದರೆ ಹತ್ತೇ ನಿಮಿಷಕ್ಕೆ ನಿದ್ದೆ. ಆಮೇಲೆ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಎದ್ದು ಅಳುತ್ತದೆ. ಎತ್ತಿಕೊಂಡರೆ ಐದು ನಿಮಿಷದಲ್ಲಿ ಮತ್ತೆ ನಿದ್ದೆ. ಇಲ್ಲಿ ಎಚ್ಚರವಾಗುವುದು ರೋಗವಲ್ಲ. ನಿದ್ದೆಯ ಒಂದು ಸುತ್ತು ಮುಗಿದಾಗ ಎಲ್ಲ ಮಕ್ಕಳಿಗೂ ಸ್ವಲ್ಪ ಎಚ್ಚರವಾಗುತ್ತದೆ. ಎಷ್ಟೋ ಮಕ್ಕಳು ಹೊರಳಿ ಸುಮ್ನೆ ಮಲಗಿಬಿಡುತ್ತಾರೆ. ಈ ಮಗುವಿಗೆ ಮಾತ್ರ ಹೆಗಲಿಲ್ಲದೆ ನಿದ್ದೆಗೆ ಮರಳುವುದು ಗೊತ್ತಿಲ್ಲ. ತಲೆಗಿಟ್ಟ ದಿಂಬನ್ನು ಯಾರೋ ಎಳೆದುಕೊಂಡು ಹೋದರೆ ನಾವೂ ಎದ್ದು ಹುಡುಕುತ್ತೇವೆ ಅಲ್ವಾ? ಮಗುವಿಗೆ ಹೆಗಲು ಹಾಗೆ. ಬೇಕಾದದ್ದು ಸಿಕ್ಕ ಕೂಡಲೇ ನಿದ್ದೆ ಬರುವುದೇ ಇಲ್ಲಿನ ದೊಡ್ಡ ಸುಳಿವು. ಇದು ನಿದ್ದೆ ಹತ್ತುವ ಅಭ್ಯಾಸಕ್ಕೆ ಅಂಟಿದ ತೊಂದರೆ. ಆರು ತಿಂಗಳ ಒಳಗಿನ ಕೂಸಿಗೆ ಈ ಹೆಸರು ಹಚ್ಚುವುದಿಲ್ಲ. ಆ ವಯಸ್ಸಿನಲ್ಲಿ ರಾತ್ರಿ ಏಳುವುದು ಸಹಜ.

ಇನ್ನೊಂದು ಮಗುವಿಗೆ ನಾಲ್ಕು ವರ್ಷ. ಒಂಬತ್ತಕ್ಕೆ ಮಲಗು ಅಂದರೆ ನೀರು ಬೇಕು, ಇನ್ನೊಂದು ಕಥೆ ಬೇಕು, ಮತ್ತೆ ಬಚ್ಚಲಿಗೆ ಹೋಗಬೇಕು. ಒಂದು ದಿನ ಅಪ್ಪ ಬೇಡ ಅನ್ನುತ್ತಾರೆ, ಮರುದಿನ ಸುಸ್ತಾಗಿ ಹೂಂ ಅನ್ನುತ್ತಾರೆ. ಹತ್ತೂವರೆಗೆ ನಿದ್ದೆ ಬಂದರೆ ಬೆಳಗಿನವರೆಗೂ ಅಲುಗುವುದಿಲ್ಲ. ಗಡಿ ಗಟ್ಟಿಯಿರುವ ಬೇರೊಬ್ಬರ ಬಳಿಯಾದರೆ ತಕರಾರಿಲ್ಲದೆ ಮಲಗುತ್ತದೆ. ಇದು ಮಿತಿ ಹಾಕುವಲ್ಲಿನ ತೊಂದರೆ.

ಹಾಗಂತ ಗಲಾಟೆ ಕಂಡ ಕೂಡಲೇ ಮಗುವಿಗೆ ಶಿಸ್ತಿಲ್ಲ ಅನ್ನುವುದು ತಪ್ಪು. ಅದಕ್ಕೇ ವೈದ್ಯರು ಸುಮಾರು ಎರಡು ವಾರ ನಿದ್ದೆಯ ದಿನಚರಿ ಬರೆಸುತ್ತಾರೆ. ಎಷ್ಟು ಹೊತ್ತಿಗೆ ಮಲಗಿಸಿದರೂ, ಜಗಳವಿರಲಿ ಇಲ್ಲದಿರಲಿ, ದಿನವೂ ಹತ್ತೂವರೆಗೇ ನಿದ್ದೆ ಬರುತ್ತಿದ್ದರೆ ಮಗುವಿನ ಒಳಗಡಿಯಾರವೇ ತಡವಾಗಿ ಓಡುತ್ತಿರಬಹುದು. ಆಗ ನಾವು ಮಲಗಿಸುವ ಹೊತ್ತೇ ಬೇಗ ಆಯಿತು. ಕಾಲಲ್ಲಿ ಏನೋ ಹರಿದಾಡಿದಂತಾಗುತ್ತದೆ ಎಂದು ಮಗು ಹೇಳಿದರೆ ಕಬ್ಬಿಣದ ಕೊರತೆ ಇದೆಯೇ ನೋಡುತ್ತಾರೆ. ಜಾಸ್ತಿ ಗೊರಕೆ ಇದ್ದರೆ ಉಸಿರಾಟದ ತಪಾಸಣೆ ಮಾಡುತ್ತಾರೆ.

2005ರ ಅಂತಾರಾಷ್ಟ್ರೀಯ ನಿದ್ರಾರೋಗಗಳ ಪಟ್ಟಿಯಲ್ಲಿ ಈ ಎರಡರ ಜೊತೆ ಮಿಶ್ರ ಬಗೆಯೂ ಇತ್ತು. 2014ರ ಆವೃತ್ತಿ ಈ ಮೂರನ್ನೂ ದೀರ್ಘಕಾಲದ ನಿದ್ರಾಹೀನತೆಯೊಳಗೆ ಸೇರಿಸಿತು. ಆದರೂ ವೈದ್ಯರ ಕೋಣೆಯಲ್ಲಿ ಈ ವಿಂಗಡಣೆ ಉಳಿದಿದೆ, ಯಾಕೆಂದರೆ ಪರಿಹಾರ ಬೇರೆ ಬೇರೆ. ಮೊದಲ ಮಗುವನ್ನು ಸಂಜೆ ಇನ್ನೂ ಎಚ್ಚರವಿರುವಾಗಲೇ ಹಾಸಿಗೆಗೆ ಹಾಕಿ, ಹೆಗಲನ್ನು ಮೆಲ್ಲಗೆ ಬಿಡಿಸುತ್ತಾರೆ. ಎರಡನೆಯದಕ್ಕೆ ಒಂದೇ ಕಥೆ, ಒಂದೇ ಲೋಟ ನೀರು, ಅದೂ ದಿನವೂ ಒಂದೇ ರೀತಿ. ಶುರುವಿನಲ್ಲಿ ಅಳು ಕೆಲವು ರಾತ್ರಿ ಜೋರಾಗಬಹುದು. ಮೂರನೇ ರಾತ್ರಿ ಸೋತು ಹೂಂ ಅಂದರೆ, ಇನ್ನೂ ಹೆಚ್ಚು ಹೊತ್ತು ಅಳಬೇಕು ಎಂಬುದನ್ನೇ ಮಗು ಕಲಿಯುತ್ತದೆ.